ಪಿಎಚ್‌.ಡಿ. ಕಾರ್ಯಯೋಜನೆ ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಾಪ್ಸಿಸ್‌ನ ಕೊನೆಯಲ್ಲಿ ಬರುವ ‘ಕಾರ್ಯಯೋಜನೆ’ ಎಂಬ ಒಂದೆರಡು ಪುಟವನ್ನು ತಿದ್ದುವವರಿಗಾಗಿ ಈ ಪ್ರಶ್ನೋತ್ತರ. ಸಂಶೋಧಕರೇ ತಿದ್ದುತ್ತಿರಬಹುದು, ಗೈಡ್ ತಿದ್ದುತ್ತಿರಬಹುದು, ಭಾಷೆ ನೋಡಿಕೊಡಿ ಎಂದು ಗೆಳೆಯರು ಕೊಟ್ಟಿರಬಹುದು. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ದಕ್ಷಿಣ ಕರ್ನಾಟಕದ ಮಳೆಯಾಶ್ರಿತ ಕೆಂಪು ಮಣ್ಣಿಗೆ ಕೆರೆ ಗೋಡು, ಅಂದರೆ ಕೆರೆಯ ತಳದ ಹೂಳು, ಹಾಕಿದರೆ ರಾಗಿಯ ಇಳುವರಿ, ಮಣ್ಣಿನ ತೇವ ಮತ್ತು ಪೋಷಕಾಂಶ ಏನಾಗುತ್ತವೆ ಎಂಬ ಮಣ್ಣು ವಿಜ್ಞಾನದ ಪಿಎಚ್‌.ಡಿ. ಇದು ವಿವರಣೆಗೆಂದು ಕಟ್ಟಿದ ಉದಾಹರಣೆ. ಬೇಸಾಯದ ಪ್ರಯೋಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ತಾರೀಕು ತಪ್ಪಿದರೆ ಒಂದು ವಾರವಲ್ಲ, ಒಂದು ಮುಂಗಾರೇ ಹೋಗುತ್ತದೆ. ಹಾಗಾಗಿ ಯೋಜನೆಯ ತಪ್ಪು ಮುಚ್ಚಿಡಲು ಆಗುವುದಿಲ್ಲ.

ಮೊದಲು ಆ ಕರಡು ಹೇಗಿತ್ತು ಹೇಳಿ.

ಸಾಮಾನ್ಯವಾಗಿ ಕೈಗೆ ಬರುವ ಕರಡು ಹೀಗಿರುತ್ತದೆ:

“ಮಾರ್ಚ್‌ನಿಂದ ಮೇ 2026ರವರೆಗೆ ಸಾಹಿತ್ಯ ಸಮೀಕ್ಷೆಯನ್ನು ಕೈಗೊಳ್ಳಲಾಗುವುದು. ಜೂನ್ 2026ರಲ್ಲಿ ಅಗತ್ಯ ಸಾಮಗ್ರಿಗಳನ್ನು ಸಂಗ್ರಹಿಸಲಾಗುವುದು. ಜುಲೈನಿಂದ ನವೆಂಬರ್‌ವರೆಗೆ ಕ್ಷೇತ್ರ ಪ್ರಯೋಗ ಹಾಗೂ ಮಣ್ಣಿನ ಮಾದರಿ ಸಂಗ್ರಹಣೆ ನಡೆಸಲಾಗುವುದು. ಡಿಸೆಂಬರ್ 2026ರಲ್ಲಿ ಮಣ್ಣಿನ ವಿಶ್ಲೇಷಣೆ ಪೂರ್ಣಗೊಳಿಸಲಾಗುವುದು. 2027ರಲ್ಲಿ ಪ್ರಯೋಗವನ್ನು ಪುನರಾವರ್ತಿಸಿ, ಆಗಸ್ಟ್ 2028ರಲ್ಲಿ ಮಹಾಪ್ರಬಂಧವನ್ನು ಸಲ್ಲಿಸಲಾಗುವುದು.”

ಭಾಷೆಯಲ್ಲಿ ತಪ್ಪಿಲ್ಲ. ಓದಿದರೆ ಅಚ್ಚುಕಟ್ಟಾಗಿಯೇ ಇದೆ. ಆದರೆ ಇದರಂತೆ ನಡೆದರೆ ಮೊದಲ ವರ್ಷದ ಪ್ರಯೋಗ ಶುರುವಾಗುವುದೇ ಅನುಮಾನ. ಏಕೆ ಎನ್ನುವುದು ಕೆಳಗೆ ಒಂದೊಂದಾಗಿ ಬರುತ್ತದೆ.

ತಿದ್ದುವುದನ್ನು ಎಲ್ಲಿಂದ ಶುರು ಮಾಡಬೇಕು? ಮೊದಲ ಸಾಲಿನಿಂದಲೇ?

ಬೇಡ. ಮೊದಲ ಸಾಲಿನಿಂದ ಶುರು ಮಾಡಿದರೆ ವಾಕ್ಯ ತಿದ್ದುತ್ತೀರಿ, ಯೋಜನೆ ತಿದ್ದುವುದಿಲ್ಲ. ಮೊದಲು ನಮ್ಮ ಕೈಯಲ್ಲಿಲ್ಲದ ತಾರೀಕುಗಳನ್ನು ಬೇರೊಂದು ಹಾಳೆಯ ಮೇಲೆ ಬರೆದುಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಅಂಥವು ನಾಲ್ಕು. ಪ್ರವೇಶ ಆಗಸ್ಟ್ 2025ರಲ್ಲಿ ಆಗಿದೆ. ಯುಜಿಸಿಯ 2022ರ ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಸಂಶೋಧನಾ ಸಲಹಾ ಸಮಿತಿ, ಅಂದರೆ ಎಲ್ಲರೂ ಆರ್‌ಎಸಿ ಎನ್ನುವುದು, ಸೆಮಿಸ್ಟರಿಗೊಮ್ಮೆ ಸೇರಿ ಪ್ರಗತಿ ನೋಡುತ್ತದೆ. ರಾಗಿ ಬಿತ್ತನೆ ಜುಲೈನಿಂದ ಆಗಸ್ಟ್ ಮಧ್ಯದೊಳಗೆ ಆಗಬೇಕು. ನಾಲ್ಕನೆಯದು ಕರಡಿನಲ್ಲಿ ಎಲ್ಲೂ ಇಲ್ಲ: ಗೋಡು ಎತ್ತಬೇಕಾದರೆ ಕೆರೆ ಒಣಗಿರಬೇಕು. ಅದು ಮಾರ್ಚ್‌ನಿಂದ ಮೇ ಮಧ್ಯದವರೆಗೆ ಮಾತ್ರ.

ಈ ನಾಲ್ಕನ್ನು ಬರೆದ ಕ್ಷಣವೇ “ಜೂನ್ 2026ರಲ್ಲಿ ಸಾಮಗ್ರಿ ಸಂಗ್ರಹ” ಎಂಬ ಸಾಲು ಬಿದ್ದುಹೋಗುತ್ತದೆ. ಜೂನ್ ಹೊತ್ತಿಗೆ ಕೆರೆಯಂಗಳ ಕೆಸರಾಗಿರುತ್ತದೆ, ಟ್ರ್ಯಾಕ್ಟರ್ ಇಳಿಯುವುದಿಲ್ಲ. ‘ಅಗತ್ಯ ಸಾಮಗ್ರಿ’ ಎಂಬ ಪದದೊಳಗೆ ಗೋಡು ಅಡಗಿದ್ದರಿಂದ ಯಾರಿಗೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಕಾರ್ಯಯೋಜನೆಯಲ್ಲಿ ‘ಅಗತ್ಯ’, ‘ಸೂಕ್ತ’, ‘ಇತ್ಯಾದಿ’ ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಅದರೊಳಗೆ ಏನಿದೆ ಎಂದು ಕೇಳದೆ ಮುಂದೆ ಹೋಗಬೇಡಿ.

ಅವಲಂಬನೆಗಳನ್ನು ಹುಡುಕುವುದು ಹೇಗೆ? ಎಲ್ಲವೂ ಒಂದರ ಮೇಲೊಂದು ನಿಂತಂತೆಯೇ ಕಾಣುತ್ತದೆ.

ಕೊನೆಯಿಂದ ಹಿಂದಕ್ಕೆ ಬನ್ನಿ. ಪ್ರತಿ ಕೆಲಸದ ಮುಂದೆ ಒಂದೇ ಪ್ರಶ್ನೆ: ಇದು ಬೆಳಗ್ಗೆ ಶುರುವಾಗಬೇಕಾದರೆ ಹಿಂದಿನ ರಾತ್ರಿಯೊಳಗೆ ಕೈಯಲ್ಲಿ ಏನಿರಬೇಕು? ಉತ್ತರ ಒಂದು ವಸ್ತುವೋ ಕಾಗದವೋ ಆಗಿರಬೇಕು.

ಬಿತ್ತನೆಯಿಂದ ಶುರು ಮಾಡೋಣ. 20 ಜುಲೈ 2026ಕ್ಕೆ ಬಿತ್ತಬೇಕು ಅಂದರೆ ಗೋಡು ಹರಡಿ, ಉತ್ತು, ಮಣ್ಣಿನಲ್ಲಿ ಬೆರೆತು ಎರಡು ವಾರವಾದರೂ ಆಗಿರಬೇಕು. ಅಂದರೆ ಹರಡುವುದು ಜುಲೈ 5ರೊಳಗೆ. ಹರಡುವ ಮುಂಚೆ ಗೋಡನ್ನು ನೆರಳಲ್ಲಿ ಆರಿಸಿ, ಹೆಂಟೆ ಒಡೆದು, ಕಲ್ಲು ಬೇರು ತೆಗೆದು, ತಾಕಿಗಿಷ್ಟು ಎಂದು ತೂಗಿ ಚೀಲ ಕಟ್ಟಬೇಕು. ಅದಕ್ಕೆ ಮೂರು ವಾರ. ಗೋಡು ತರುವ ಮುಂಚೆ ಅದರ ಕಣರಚನೆ, ಲವಣಾಂಶ, ಭಾರಲೋಹ ಪರೀಕ್ಷೆಯಾಗಬೇಕು. ಊರಿನ ಚರಂಡಿ ನೀರು ಸೇರುವ ಕೆರೆಯಾದರೆ ಈ ಪರೀಕ್ಷೆ ಬಿಡುವಂತೆಯೇ ಇಲ್ಲ. ಹೊರಗಿನ ಪ್ರಯೋಗಾಲಯಕ್ಕೆ ಕೊಟ್ಟರೆ ನಾಲ್ಕು ವಾರ ಹಿಡಿಯಿರಿ. ಇದೆಲ್ಲದರ ಹಿಂದೆ ಗೋಡು ಎತ್ತಲು ಅನುಮತಿ ಇದೆ. ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದರ ಮೇಲೆ ಪಂಚಾಯಿತಿಗೋ ಸಣ್ಣ ನೀರಾವರಿ ಇಲಾಖೆಗೋ ಅರ್ಜಿ.

ಹಿಂದಕ್ಕೆ ಎಣಿಸಿದರೆ ಹೀಗಾಗುತ್ತದೆ: ಅರ್ಜಿ ಮಾರ್ಚ್ 1ಕ್ಕೆ, ಪರೀಕ್ಷೆಗೆ ಗೋಡಿನ ಮಾದರಿ ಏಪ್ರಿಲ್ 10ರೊಳಗೆ, ಗೋಡು ಹೊಲಕ್ಕೆ ಬರುವುದು ಮೇ 15ರೊಳಗೆ, ಚೀಲ ಸಿದ್ಧವಾಗುವುದು ಜೂನ್ 5ಕ್ಕೆ, ಹರಡುವುದು ಜುಲೈ 5ರೊಳಗೆ. ಕರಡು ಮಾರ್ಚ್‌ನಲ್ಲಿ ಸಂಶೋಧಕರನ್ನು ಲೈಬ್ರರಿಯಲ್ಲಿ ಕೂರಿಸಿತ್ತು. ಯೋಜನೆ ನಿಂತಿರುವುದು ಮಾರ್ಚ್‌ನಲ್ಲಿ ಕೊಡುವ ಒಂದು ಅರ್ಜಿಯ ಮೇಲೆ.

ಸುಮ್ಮನೆ ಕ್ರಮ ಮತ್ತು ನಿಜವಾದ ಅವಲಂಬನೆ, ಇವೆರಡರ ನಡುವೆ ಏನು ವ್ಯತ್ಯಾಸ?

“ಸಾಹಿತ್ಯ ಸಮೀಕ್ಷೆ, ಆಮೇಲೆ ಪ್ರಯೋಗ” ಎನ್ನುವುದು ರೂಢಿ. ಸಮೀಕ್ಷೆ ಮುಗಿಯದಿದ್ದರೂ ಗೋಡಿಗೆ ಅರ್ಜಿ ಹಾಕಬಹುದು. ಆದರೆ “ಗೋಡು ಹರಡುವ ಮುಂಚೆ ತಾಕಿನ ಮಣ್ಣಿನ ಮಾದರಿ” ಎನ್ನುವುದು ಉಲ್ಲಂಘಿಸಲಾಗದ ಅವಲಂಬನೆ. ಒಮ್ಮೆ ಗೋಡು ಬೆರೆತ ಮೇಲೆ ಹಳೆಯ ಮಣ್ಣು ಹೇಗಿತ್ತು ಎಂದು ತಿಳಿಯಲು ಯಾವ ದಾರಿಯೂ ಇಲ್ಲ. ಕರಡಿನಲ್ಲಿ ಮಾದರಿ ಸಂಗ್ರಹ ಪ್ರಯೋಗದ ಜೊತೆಗೆ ಒಂದೇ ವಾಕ್ಯದಲ್ಲಿತ್ತು. ಮೊದಲ ಮಾದರಿ ಯಾವಾಗ ಎಂಬುದೇ ಅಲ್ಲಿ ಇಲ್ಲ. ತಿದ್ದಿದ ಯೋಜನೆಯಲ್ಲಿ ಅದು ಪ್ರತ್ಯೇಕ ಸಾಲಾಗಬೇಕು: “ಜೂನ್ 20–30, ಗೋಡು ಹರಡುವ ಮುನ್ನ.”

ಇನ್ನೊಂದು ಬಗೆಯದು ಜಾಗ್ರತೆಗಾಗಿ ಹಾಕಿಕೊಳ್ಳುವ ಕ್ರಮ. ಆರ್‌ಎಸಿ ಸಿನಾಪ್ಸಿಸ್ ಒಪ್ಪುವ ಮುಂಚೆ ಗೋಡಿನ ಪ್ರಮಾಣ ಅಂತಿಮವಲ್ಲ, ಆದ್ದರಿಂದ ಗೋಡು ತರುವುದನ್ನು ಒಪ್ಪಿಗೆಯ ನಂತರ ಇಡೋಣ ಎಂದು ಬರೆದಿರುತ್ತಾರೆ. ಇಲ್ಲಿ ಲೆಕ್ಕ ಹಾಕಿ ನೋಡಿ. ಉಪಚಾರ ನಾಲ್ಕು: ಹೆಕ್ಟೇರಿಗೆ 0, 20, 40, 60 ಟನ್. ಪುನರಾವರ್ತನೆ ಐದು. ಒಟ್ಟು 20 ತಾಕು, ಪ್ರತಿ ತಾಕು 5 ಮೀಟರ್ ಉದ್ದ, 4 ಮೀಟರ್ ಅಗಲ. ಹೆಕ್ಟೇರಿಗೆ 40 ಟನ್ ಅಂದರೆ ಚದರ ಮೀಟರಿಗೆ 4 ಕಿಲೊ, ತಾಕಿಗೆ 80 ಕಿಲೊ. ಹೀಗೆ ಎಲ್ಲ ಸೇರಿಸಿದರೆ ಒಣ ತೂಕದಲ್ಲಿ 1,200 ಕಿಲೊ ಗೋಡು ಸಾಕು. ತೇವ, ಕಲ್ಲು, ಬೇರು ಕಳೆಯುತ್ತದೆಂದು 1,600 ಕಿಲೊ ತಂದರೂ ಅದು ಒಂದು ಟ್ರ್ಯಾಕ್ಟರ್ ಟ್ರೈಲರ್ ಮಾತು. ಸಮಿತಿ ಪ್ರಮಾಣವನ್ನು ಸ್ವಲ್ಪ ಬದಲಿಸಿದರೂ ನಷ್ಟವಿಲ್ಲ. ಹಾಗಾಗಿ ಗೋಡು ತರುವುದನ್ನು ಒಪ್ಪಿಗೆಗೆ ಕಟ್ಟಿಹಾಕುವ ಅಗತ್ಯವಿಲ್ಲ. ತೂಗಿ ಚೀಲ ಕಟ್ಟುವುದನ್ನು ಮಾತ್ರ ಕಟ್ಟಿ. ಇಂಥ ಸುಳ್ಳು ಅವಲಂಬನೆಯೊಂದನ್ನು ಬಿಡಿಸಿದರೆ ಯೋಜನೆಗೆ ಒಂದು ತಿಂಗಳು ಉಸಿರು ಸಿಗುತ್ತದೆ.

ಮೈಲಿಗಲ್ಲು ಅಂದರೆ ಯಾವುದು, ಯಾವುದು ಅಲ್ಲ?

ಇನ್ನೊಬ್ಬರು ಬಂದು ‘ಆಯಿತೇ’ ಎಂದು ಕೇಳಿದಾಗ ಎತ್ತಿ ತೋರಿಸಬಹುದಾದದ್ದು ಮೈಲಿಗಲ್ಲು. “ಕ್ಷೇತ್ರ ಪ್ರಯೋಗ ನಡೆಸಲಾಗುವುದು” ತೋರಿಸಲಾಗದ್ದು. “20 ತಾಕುಗಳ ಕಾಳು ಮತ್ತು ಹುಲ್ಲಿನ ತೂಕದ ಪಟ್ಟಿ, ಗೈಡ್ ಸಹಿಯೊಂದಿಗೆ, 30 ನವೆಂಬರ್ 2026” ತೋರಿಸಬಹುದಾದದ್ದು.

ತಿದ್ದುವಾಗ ಕ್ರಿಯಾಪದದ ಮೇಲೆ ಕಣ್ಣಿಡಿ. ಕೈಗೊಳ್ಳಲಾಗುವುದು, ನಡೆಸಲಾಗುವುದು, ಪರಿಶೀಲಿಸಲಾಗುವುದು ಇವೆಲ್ಲ ಎಷ್ಟು ದಿನ ಬೇಕಾದರೂ ನಡೆಯುತ್ತಲೇ ಇರಬಹುದಾದ ಕೆಲಸಗಳು. ಅವುಗಳ ಜಾಗದಲ್ಲಿ ನಾಮಪದ ಇಡಿ: ಪಟ್ಟಿ, ನಕ್ಷೆ, ಅನುಮತಿ ಪತ್ರ, ಅಧ್ಯಾಯದ ಕರಡು.

ಎಷ್ಟು ಬೇಕು? ಮೂರು ವರ್ಷದ ಯೋಜನೆಗೆ 10ರಿಂದ 14 ಸಾಕು. ನಲವತ್ತು ಮೈಲಿಗಲ್ಲು ಹಾಕಿದ ಯೋಜನೆಗಳೂ ಬರುತ್ತವೆ. ಅದರಲ್ಲಿ “ಪ್ರಶ್ನಾವಳಿಯ ಪ್ರಿಂಟ್ ತೆಗೆಸುವುದು” ಕೂಡ ಇರುತ್ತದೆ. ಅಂಥದ್ದು ಸ್ವಂತ ಡೈರಿಯಲ್ಲಿರಲಿ. ಸಾಧ್ಯವಾದಷ್ಟೂ ಮೈಲಿಗಲ್ಲುಗಳನ್ನು ಆರ್‌ಎಸಿ ಸಭೆಗಿಂತ ಎರಡು ಮೂರು ವಾರ ಮುಂಚೆ ಬೀಳುವಂತೆ ಹೊಂದಿಸಿ. ಸಭೆಯ ಮರುದಿನ ಮುಗಿಯುವ ಕೆಲಸ ಸಮಿತಿಯ ಲೆಕ್ಕದಲ್ಲಿ ಆರು ತಿಂಗಳು ತಡವಾದಂತೆ.

ಒಂದು ಕೆಲಸಕ್ಕೆ ಎಷ್ಟು ದಿನ ಎಂದು ನಿರ್ಧರಿಸುವುದು ಹೇಗೆ? ಎಲ್ಲರೂ ‘ಒಂದು ತಿಂಗಳು’ ಎಂದೇ ಬರೆಯುತ್ತಾರೆ.

ತಿಂಗಳನ್ನು ಬಿಟ್ಟು ಎಣಿಸಬಹುದಾದ ಘಟಕಕ್ಕೆ ಬನ್ನಿ. ಕರಡು ಹೇಳುವಂತೆ ಡಿಸೆಂಬರ್ ಒಂದೇ ತಿಂಗಳಲ್ಲಿ ಮಣ್ಣಿನ ವಿಶ್ಲೇಷಣೆ ಮುಗಿಯುತ್ತದೆಯೇ ನೋಡೋಣ.

20 ತಾಕು, ಎರಡು ಆಳ (0–15 ಮತ್ತು 15–30 ಸೆಂ.ಮೀ.), ಮೂರು ಹಂತ (ಗೋಡು ಹರಡುವ ಮುನ್ನ, ಹೂವಾಡುವಾಗ, ಕೊಯ್ಲಿನ ನಂತರ). ಗುಣಿಸಿದರೆ 120 ಮಾದರಿ. ಹತ್ತಕ್ಕೊಂದನ್ನು ಮರುಪರೀಕ್ಷೆ ಮಾಡಿದರೆ 132. ಲಭ್ಯ ಸಾರಜನಕವೊಂದನ್ನೇ ತೆಗೆದುಕೊಳ್ಳಿ. ಕ್ಷಾರೀಯ ಪರ್ಮಾಂಗನೇಟ್ ವಿಧಾನದಲ್ಲಿ ಪ್ರತಿ ಮಾದರಿಯನ್ನೂ ಬಟ್ಟಿ ಇಳಿಸಬೇಕು, ಆಮೇಲೆ ಟೈಟ್ರೇಷನ್. ಒಂದೇ ಯೂನಿಟ್ ಇರುವ ಲ್ಯಾಬಿನಲ್ಲಿ ಒಬ್ಬರು ದಿನಕ್ಕೆ 15 ಮಾಡಬಲ್ಲರು ಎಂದುಕೊಳ್ಳಿ. 132ಕ್ಕೆ 9 ದಿನ. ಇಲ್ಲಿಗೆ ನಿಲ್ಲಿಸಿದರೆ ಮತ್ತೆ ಮೋಸ ಹೋದಿರಿ. ಆ ಯೂನಿಟ್ ಮೇಲೆ ಇನ್ನೂ ಮೂವರು ಕೆಲಸ ಮಾಡುತ್ತಿರುತ್ತಾರೆ, ನಿಮ್ಮ ಪಾಳಿ ವಾರಕ್ಕೆ ಎರಡು ದಿನ. ಒಂಬತ್ತು ದಿನದ ಕೆಲಸ ಕ್ಯಾಲೆಂಡರಿನಲ್ಲಿ ಐದು ವಾರ. ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಇನ್ನೂ ಬಾಕಿ. ಮಾದರಿ ಆರಿಸಿ, ಕುಟ್ಟಿ, 2 ಮಿ.ಮೀ. ಜರಡಿ ಹಿಡಿಯುವ ವಾರವೂ ಸೇರಿಲ್ಲ.

ಹಾಗಾದರೆ ಡಿಸೆಂಬರನ್ನು ಮಾರ್ಚ್‌ವರೆಗೆ ಎಳೆಯಬೇಕೇ? ಬೇಕಿಲ್ಲ. ಕೆಲಸ ಹೆಚ್ಚು ಎನ್ನುವುದಕ್ಕಿಂತ ಅದನ್ನು ಕೊನೆಗೆ ಗುಡ್ಡೆ ಹಾಕಿದ್ದೇ ಇಲ್ಲಿನ ತೊಂದರೆ. ಮೊದಲ ಹಂತದ 40 ಮಾದರಿ ಜೂನ್ ಕೊನೆಗೇ ಸಿಗುತ್ತವೆ, ಎರಡನೆಯ ಹಂತದ್ದು ಸೆಪ್ಟೆಂಬರ್ ಕೊನೆಗೆ. ಅವನ್ನು ಬಂದ ಬಂದಂತೆ ಮಾಡಿದರೆ ಕೊಯ್ಲಿನ ನಂತರ ಉಳಿಯುವುದು ಮರುಪರೀಕ್ಷೆ ಸೇರಿ 44 ಮಾತ್ರ. ಸಾರಜನಕಕ್ಕೆ ಮೂರು ದಿನ, ಪಾಳಿಯ ಲೆಕ್ಕದಲ್ಲಿ ಎರಡು ವಾರ. ಎಲ್ಲ ಪರೀಕ್ಷೆ ಸೇರಿ ಜನವರಿ ಮಧ್ಯಕ್ಕೆ ಮುಗಿಯುತ್ತದೆ. ಇದಕ್ಕೆ ಎರಡು ಷರತ್ತು ಯೋಜನೆಯಲ್ಲೇ ಬರೆಯಬೇಕು. ರಾಸಾಯನಿಕಗಳ ಖರೀದಿ ಡಿಸೆಂಬರಿಗಲ್ಲ, ಜೂನಿಗೆ ಮುಗಿದಿರಬೇಕು. ಮೂರು ಕಂತಿನ ಫಲಿತಾಂಶಗಳನ್ನು ಹೋಲಿಸಲು ಬರಬೇಕಾದರೆ ಪ್ರತಿ ಕಂತಿನಲ್ಲೂ ಒಂದೇ ತಪಾಸಣಾ ಮಣ್ಣನ್ನು ಸೇರಿಸಿ ಓಡಿಸಬೇಕು. ಆ ಮಣ್ಣಿನ ಅಂಕಿ ಕಂತಿನಿಂದ ಕಂತಿಗೆ ಜಿಗಿದರೆ ದೋಷ ಹೊಲದ್ದಲ್ಲ, ಲ್ಯಾಬಿನದು ಎಂದು ಆಗಲೇ ಗೊತ್ತಾಗುತ್ತದೆ.

ದಿನಕ್ಕೆ 15 ಎಂಬ ಅಂಕಿಯನ್ನು ಇಲ್ಲಿಂದ ಎತ್ತಿ ಬರೆಯಬೇಡಿ. ನಿಮ್ಮ ಲ್ಯಾಬಿನಲ್ಲಿ ಒಂದು ದಿನ ಕೂತು ಹತ್ತು ಮಾದರಿ ಮಾಡಿ ನೋಡಿ. ಅದೇ ನಿಮ್ಮ ಅಂಕಿ.

ಕನಿಷ್ಠ, ಸಾಮಾನ್ಯ, ಗರಿಷ್ಠ ಎಂದು ಮೂರು ಅಂದಾಜು ಹಾಕಿ ಸರಾಸರಿ ತೆಗೆಯುವ ಸೂತ್ರ ಬಳಸಬಹುದೇ?

ಬಳಸಬಹುದು, ಎಲ್ಲ ಕಡೆಗೂ ಅಲ್ಲ. ಸೂತ್ರ ಇದು, O ಕನಿಷ್ಠ, M ಸಾಮಾನ್ಯ, P ಗರಿಷ್ಠ:

```
(O + 4M + P) / 6
```

ಗೋಡಿನ ಅನುಮತಿಗೆ ಬೇಗ ಎಂದರೆ 2 ವಾರ, ಸಾಮಾನ್ಯವಾಗಿ 4, ತೀರಾ ತಡವಾದರೆ 12 ಎಂದುಕೊಂಡರೆ ಉತ್ತರ 5 ವಾರ. ಅಧ್ಯಾಯ ಬರೆಯುವುದು, ಡೇಟಾ ನಮೂದಿಸುವುದು ಇಂಥವಕ್ಕೆ ಈ ಸರಾಸರಿ ಸರಿ, ಏಕೆಂದರೆ ಒಂದು ವಾರ ತಡವಾದರೆ ಒಂದೇ ವಾರದ ನಷ್ಟ. ಅನುಮತಿಗೆ ಸರಿಯಲ್ಲ. 12 ವಾರವಾದರೆ ಮಾರ್ಚ್ 1ರ ಅರ್ಜಿಗೆ ಮೇ ಕೊನೆಯ ವಾರದಲ್ಲಿ ಉತ್ತರ ಬರುತ್ತದೆ. ಅಷ್ಟರಲ್ಲಿ ಕೆರೆಗೆ ನೀರು ಬಂದಿದ್ದರೆ ಆ ವರ್ಷ ಮುಗಿಯಿತು. ಋತುವಿಗೆ ಕಟ್ಟಿಬಿದ್ದ ಕೆಲಸಕ್ಕೆ ಸರಾಸರಿಯನ್ನಲ್ಲ, ಗರಿಷ್ಠವನ್ನು ಹಿಡಿದು ನೋಡಬೇಕು. ಅದು ಹೊಂದದಿದ್ದರೆ ಅರ್ಜಿಯನ್ನು ಜನವರಿಗೆ ತರಬೇಕು, ಇಲ್ಲವೇ ಎರಡು ಕೆರೆಗಳಿಗೆ ಅರ್ಜಿ ಹಾಕಬೇಕು. ನಾವಾದರೆ ಎರಡನ್ನೂ ಬರೆಯುತ್ತೇವೆ.

ತಡವಾದರೆ ಇರಲಿ ಎಂದು ಪ್ರತಿ ಕೆಲಸಕ್ಕೂ ಎರಡೆರಡು ವಾರ ಹೆಚ್ಚು ಹಾಕಿದರೆ ಸಾಕಲ್ಲವೇ?

ಸಾಲದು. ಹಾಗೆ ಚದುರಿಸಿ ಹಾಕಿದ ದಿನಗಳು ಕೆಲಸದೊಳಗೇ ಕರಗಿಹೋಗುತ್ತವೆ. ನಾಲ್ಕು ವಾರದ ಕೆಲಸಕ್ಕೆ ಆರು ವಾರ ಕೊಟ್ಟರೆ ಅದು ಆರು ವಾರವೇ ತೆಗೆದುಕೊಳ್ಳುತ್ತದೆ.

ಮಿಗುವ ದಿನಗಳನ್ನು ಒಟ್ಟುಗೂಡಿಸಿ, ಕದಲಿಸಲಾಗದ ತಾರೀಕಿಗೆ ಮುಂಚೆ ಹೆಸರು ಹಾಕಿ ಇಡಿ. ನಮ್ಮ ಯೋಜನೆಯಲ್ಲಿ ಚೀಲ ಸಿದ್ಧವಾಗುವ ಜೂನ್ 5 ಮತ್ತು ಹರಡಬೇಕಾದ ಜುಲೈ 5ರ ನಡುವೆ ನಾಲ್ಕು ವಾರ ಇದೆ. ಕೆರೆಯ ಕಡೆ ತಡವಾದರೆ ಇದನ್ನು ತಿನ್ನಬಹುದು. ಬಿತ್ತನೆಯ ನಂತರ ಎಷ್ಟು ವಾರ ಮಿಗಿಸಿದರೂ ಬೆಳೆಗೆ ಉಪಯೋಗವಿಲ್ಲ. 110–115 ದಿನದ ತಳಿ ಅಷ್ಟೇ ದಿನ ತೆಗೆದುಕೊಳ್ಳುತ್ತದೆ. ಇನ್ನೊಂದು ಆರು ವಾರದ ಮಿಗಿಲು ಪೂರ್ವಸಲ್ಲಿಕೆ ಮಂಡನೆಗೆ ಮುಂಚೆ ಇರಲಿ. ಇಡೀ ಯೋಜನೆಗೆ ಈ ಎರಡೇ ಸಾಕು.

ಎರಡನೆಯ ವರ್ಷದ ಪ್ರಯೋಗಕ್ಕೆ ‘ಪುನರಾವರ್ತಿಸಿ’ ಎಂದು ಬರೆದರೆ ಏನು ತೊಂದರೆ?

ಎರಡು ಅರ್ಥ ಬರುತ್ತದೆ. ಹೊಸ ತಾಕುಗಳಲ್ಲಿ ಮತ್ತೆ ಗೋಡು ಹಾಕುವುದೇ, ಅಥವಾ ಅದೇ ತಾಕುಗಳಲ್ಲಿ ಗೋಡು ಹಾಕದೆ ಕಳೆದ ವರ್ಷದ ಉಳಿಕೆ ಪರಿಣಾಮ ನೋಡುವುದೇ? ಮೊದಲನೆಯದಾದರೆ 2027ರ ಬೇಸಿಗೆಯಲ್ಲಿ ಅರ್ಜಿ, ಪರೀಕ್ಷೆ, ಸಾಗಣೆ ಎಲ್ಲ ಸರಪಳಿಯೂ ಮತ್ತೆ ಬೇಕು. ಎರಡನೆಯದಾದರೆ ಅದು ಬೇಡ, ಆದರೆ ನವೆಂಬರ್ 2026ರಿಂದ ಜುಲೈ 2027ರವರೆಗೆ ಆ 20 ತಾಕುಗಳ ಗಡಿಯನ್ನು ಯಾರೂ ಕೆಡಿಸಬಾರದು. ಇದು ಕೆಲಸವಲ್ಲ, ಕಾಯುವಿಕೆ. ಆದ್ದರಿಂದಲೇ ಯಾವ ಕರಡಿನಲ್ಲೂ ಇರುವುದಿಲ್ಲ. ಫಾರ್ಮಿನ ಟ್ರ್ಯಾಕ್ಟರ್ ಫೆಬ್ರುವರಿಯಲ್ಲಿ ಬದುಗಳ ಮೇಲೆ ಅಡ್ಡಡ್ಡ ಉತ್ತುಬಿಟ್ಟರೆ 60 ಟನ್ ತಾಕಿನ ಗೋಡು ಪಕ್ಕದ 0 ಟನ್ ತಾಕಿಗೆ ಹೋಗಿರುತ್ತದೆ. ಮುಂದೆ ಎಷ್ಟು ಅಂಕಿಅಂಶ ಹಾಕಿದರೂ ಅದು ಸರಿಹೋಗದು. ಯೋಜನೆಯಲ್ಲಿ ಒಂದು ಸಾಲು ಬೇಕು: “ಕೊಯ್ಲಿನ ವಾರದಲ್ಲೇ ತಾಕುಗಳ ಮೂಲೆಗೆ ಕಬ್ಬಿಣದ ಗೂಟ, ಫಾರ್ಮ್ ಅಧೀಕ್ಷಕರಿಗೆ ನಕ್ಷೆಯೊಂದಿಗೆ ಪತ್ರ, ಬೇಸಿಗೆ ಉಳುಮೆ ತಾಕಿನೊಳಗೆ ಮಾತ್ರ.”

ಅಪಾಯಗಳ ಪಟ್ಟಿ ಬರೆದಿದ್ದೇವೆ: ಮಳೆ ಕೈಕೊಡಬಹುದು, ಉಪಕರಣ ಕೆಡಬಹುದು, ಅನಾರೋಗ್ಯ ಆಗಬಹುದು. ಸಾಕೇ?

ಇದು ಯಾವ ಪ್ರಬಂಧಕ್ಕಾದರೂ ಹೊಂದುವ ಪಟ್ಟಿ, ಹಾಗಾಗಿ ಯಾವುದಕ್ಕೂ ಉಪಯೋಗವಿಲ್ಲ. ಒಂದು ಅಪಾಯ ಬರೆದರೆ ಅದರ ಜೊತೆ ನಾಲ್ಕು ವಿಷಯ ಇರಬೇಕು: ಏನು ಕಂಡರೆ ಅದು ಬಂದಿದೆ ಎಂದು ತಿಳಿಯುವುದು, ಯಾವ ತಾರೀಕಿಗೆ ನಿರ್ಧಾರ, ಆಗ ಏನು ಮಾಡುವುದು, ಅದರಿಂದ ಮುಂದಿನ ಯಾವ ತಾರೀಕು ಎಷ್ಟು ಸರಿಯುತ್ತದೆ.

ಮಳೆಯನ್ನೇ ತೆಗೆದುಕೊಳ್ಳಿ. ಬಿತ್ತನೆ ಜುಲೈ 20ಕ್ಕೆ. ಆ ದಿನ ಬಿತ್ತುವಷ್ಟು ಹದವಿಲ್ಲದಿದ್ದರೆ ಆಗಸ್ಟ್ ಮಧ್ಯದವರೆಗೆ ಕಾಯಬಹುದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕಾಯುತ್ತಾ ಕೂತು ಆಗಸ್ಟ್ 15ಕ್ಕೆ ನಿರ್ಧಾರ ಮಾಡಿದರೆ ಮಾಡಲು ಏನೂ ಉಳಿದಿರುವುದಿಲ್ಲ. ಪರ್ಯಾಯ ನಾಟಿ ರಾಗಿ. ನಾಟಿಗೆ 25 ದಿನದ ಪೈರು ಬೇಕು. ಆಗಸ್ಟ್ 14ಕ್ಕೆ ಪೈರು ಸಿದ್ಧವಾಗಬೇಕಾದರೆ ಜುಲೈ 20ಕ್ಕೇ ಸಸಿಮಡಿಗೆ ಬೀಜ ಚೆಲ್ಲಿರಬೇಕು. ಅಂದರೆ ನಿರ್ಧಾರದ ತಾರೀಕು ಆಗಸ್ಟ್ 15 ಅಲ್ಲ, ಜುಲೈ 20. ಹದವಿಲ್ಲದಿದ್ದರೆ ಅವತ್ತೇ ಸಸಿಮಡಿ. ನಡುವೆ ಮಳೆ ಬಂದರೆ ಬಿತ್ತಿ, ಪೈರು ಬಿಟ್ಟುಬಿಡಿ. ಸ್ವಲ್ಪ ಬೀಜದ ನಷ್ಟ ಅಷ್ಟೇ. ಬಾರದಿದ್ದರೆ ಎಲ್ಲ 20 ತಾಕಿಗೂ ನಾಟಿ. ಕೆಲವಕ್ಕೆ ಬಿತ್ತನೆ, ಕೆಲವಕ್ಕೆ ನಾಟಿ ಆಗಬಾರದು. ಕೊಯ್ಲು ನವೆಂಬರ್ ಕೊನೆಗೆ ಸರಿಯುತ್ತದೆ, ಕೊನೆಯ ಕಂತಿನ ಮಣ್ಣಿನ ಪರೀಕ್ಷೆ ಜನವರಿ ಕೊನೆಗೆ. ಎರಡು ವರ್ಷದಲ್ಲಿ ಒಂದು ವರ್ಷ ನಾಟಿ ಆದರೆ ಇಳುವರಿಯನ್ನು ಒಟ್ಟು ಸೇರಿಸಿ ಹೋಲಿಸಲು ಬರುವುದಿಲ್ಲ, ವರ್ಷವಾರು ಬೇರೆ ಬೇರೆ ವಿಶ್ಲೇಷಿಸಬೇಕು. ಈ ಮಾತನ್ನು ಈಗಲೇ ಬರೆದಿಟ್ಟರೆ ಮುಂದೆ ಪರೀಕ್ಷಕರು ಕೇಳಿದಾಗ ಸಬೂಬಿನಂತೆ ಕೇಳಿಸುವುದಿಲ್ಲ.

ಸಾಧ್ಯತೆ ‘ಹೆಚ್ಚು, ಮಧ್ಯಮ, ಕಡಿಮೆ’ ಎಂದು ಹಾಕುವುದು ಸರಿಯೇ?

ಆಧಾರ ಇದ್ದರೆ ಸರಿ. ಮಳೆಗೆ ಆಧಾರ ಸುಲಭವಾಗಿ ಸಿಗುತ್ತದೆ. ಫಾರ್ಮಿನ ಮಳೆಮಾಪಕದ ಹಿಂದಿನ 15 ವರ್ಷದ ದಿನವಹಿ ತೆಗೆದು, ಜುಲೈ 20ರ ಹಿಂದಿನ ಹತ್ತು ದಿನದಲ್ಲಿ ಬಿತ್ತನೆಗೆ ಸಾಕಾಗುವಷ್ಟು ಮಳೆ ಎಷ್ಟು ವರ್ಷ ಬಂದಿದೆ ಎಣಿಸಿ. ಹೋಬಳಿ ಮಟ್ಟದ ಮಳೆ ಅಂಕಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲೂ ಇದೆ. “15ರಲ್ಲಿ 4 ವರ್ಷ ಹದ ಇರಲಿಲ್ಲ” ಎಂದು ಬರೆದರೆ ಓದುವವರಿಗೆ ‘ಮಧ್ಯಮ’ಕ್ಕಿಂತ ಹೆಚ್ಚು ತಿಳಿಯುತ್ತದೆ. ಬಟ್ಟಿ ಯೂನಿಟ್ ಕೆಡುವುದಕ್ಕೂ ಹೀಗೆಯೇ. ಲ್ಯಾಬಿನ ಲಾಗ್‌ಬುಕ್ಕಿನಲ್ಲಿ ಕಳೆದ ಎರಡು ವರ್ಷ ಎಷ್ಟು ದಿನ ನಿಂತಿತ್ತು ನೋಡಿ. ಗಾಜಿನ ಭಾಗ ಒಡೆದರೆ ಎಷ್ಟು ದಿನಕ್ಕೆ ಬರುತ್ತದೆ ಎಂದು ಸಹಾಯಕರನ್ನು ಕೇಳಿದರೆ ಹೇಳುತ್ತಾರೆ.

ಸಲ್ಲಿಕೆಯ ತಾರೀಕು ಆಗಸ್ಟ್ 2028 ಎಂದಿದೆ. ಮೂರು ವರ್ಷ ಆಯಿತಲ್ಲ, ಸರಿ ತಾನೆ?

ನಿಯಮಕ್ಕೆ ಸರಿ, ಕೆಲಸಕ್ಕೆ ಸರಿಯಿಲ್ಲ. ಎರಡನೆಯ ಕೊಯ್ಲು ನವೆಂಬರ್ 2027. ಪ್ರಯೋಗಾಲಯ ಜನವರಿ 2028ಕ್ಕೆ ಮುಗಿದರೆ ಫೆಬ್ರುವರಿ ಅಂಕಿಅಂಶ ವಿಶ್ಲೇಷಣೆಗೆ. ಫಲಿತಾಂಶ ಮತ್ತು ಚರ್ಚೆಯ ಅಧ್ಯಾಯಗಳು ಮಾರ್ಚ್‌ನಿಂದ ಮೇ. ಇಲ್ಲಿಂದ ಮುಂದೆ ಕೆಲಸ ನಿಮ್ಮ ಕೈಯಲ್ಲಿಲ್ಲ, ಗೈಡ್ ಮೇಜಿನ ಮೇಲಿದೆ. ಒಂದು ಅಧ್ಯಾಯ ಓದಲು ಮೂರು ವಾರ ಹಿಡಿಯಿರಿ. ಐದು ಅಧ್ಯಾಯವನ್ನು ಒಟ್ಟಿಗೆ ಕೊಟ್ಟರೆ ಒಟ್ಟಿಗೆ ಬರುವುದಿಲ್ಲ, ಒಂದರ ಹಿಂದೊಂದು ಬರುತ್ತದೆ: ಹದಿನೈದು ವಾರ. ‘ಸಾಮಗ್ರಿ ಮತ್ತು ವಿಧಾನ’ ಅಧ್ಯಾಯವನ್ನು ಮೊದಲ ಮುಂಗಾರು ಮುಗಿದೊಡನೆ, ಅಂದರೆ 2027ರ ಆರಂಭದಲ್ಲೇ ಕೊಟ್ಟಿದ್ದರೆ, ಸಾಹಿತ್ಯ ಸಮೀಕ್ಷೆಯನ್ನು ಅದೇ ವರ್ಷ ಕೊಟ್ಟಿದ್ದರೆ, ಕೊನೆಯಲ್ಲಿ ಉಳಿಯುವುದು ಮೂರು. ಬರೆದ ಹಾಗೆ ಒಂದೊಂದಾಗಿ ಕೊಟ್ಟರೆ ಜುಲೈ ಕೊನೆಗೆ ಪೂರ್ಣ ಕರಡು. ಆರು ವಾರದ ಮಿಗಿಲು. ಸೆಪ್ಟೆಂಬರ್ ಮಧ್ಯದಲ್ಲಿ ಆರ್‌ಎಸಿ ಮುಂದೆ ಪೂರ್ವಸಲ್ಲಿಕೆ ಮಂಡನೆ. ಅಲ್ಲಿ ಬಂದ ಸಲಹೆ ಸೇರಿಸುವುದು, ಕೃತಿಚೌರ್ಯ ತಪಾಸಣೆ, ಶುಲ್ಕ, ಬೈಂಡಿಂಗ್ ಎಲ್ಲ ಸೇರಿ ನವೆಂಬರ್ 2028.

ಅಲ್ಲಿಗೂ ಪದವಿ ಕೈಗೆ ಬರುವುದಿಲ್ಲ. ಹೊರಗಿನ ಪರೀಕ್ಷಕರ ವರದಿ, ಮೌಖಿಕ ಪರೀಕ್ಷೆ ಎಲ್ಲ ಸಲ್ಲಿಕೆಯಿಂದ ಆರು ತಿಂಗಳೊಳಗೆ ಮುಗಿಯಬೇಕೆಂದು ನಿಯಮ ಹೇಳುತ್ತದೆ. ಅದನ್ನು ಯೋಜನೆಯಲ್ಲಿ ಮೈಲಿಗಲ್ಲಾಗಿ ಹಾಕಬೇಡಿ, ಏಕೆಂದರೆ ನಿಮ್ಮ ಕೆಲಸವಲ್ಲ. ಆದರೆ ಫೆಲೋಶಿಪ್ ಮುಗಿಯುವ ತಾರೀಕಿನ ಪಕ್ಕದಲ್ಲಿ ಇಟ್ಟು ಒಮ್ಮೆ ನೋಡಿಕೊಳ್ಳಿ. ಹೆರಿಗೆ ಅಥವಾ ಶಿಶುಪಾಲನಾ ರಜೆ ಬೇಕಾಗಬಹುದಾದ ಮಹಿಳಾ ಸಂಶೋಧಕರಿಗೆ ಇಡೀ ಅವಧಿಯಲ್ಲಿ 240 ದಿನದವರೆಗೆ ಅವಕಾಶವಿದೆ. ಅದು ಮುಂಗಾರಿಗೆ ಬಿದ್ದರೆ ಹೊಲ ನೋಡುವವರು ಯಾರು ಎಂಬುದಷ್ಟೇ ಯೋಜನೆಯಲ್ಲಿ ಬರಬೇಕಾದ ವಿಷಯ.

ಗ್ಯಾಂಟ್ ಚಾರ್ಟ್ ಹಾಕಲೇಬೇಕೇ?

ವಿಭಾಗ ಕೇಳಿದರೆ ಹಾಕಿ. ಚಾರ್ಟ್ ಯಾವುದು ಯಾವಾಗ ಎಂದು ತೋರಿಸುತ್ತದೆ, ಯಾವುದರಿಂದ ಯಾವುದು ಎಂದು ಸಾಮಾನ್ಯವಾಗಿ ತೋರಿಸುವುದಿಲ್ಲ. ಹಾಗಾಗಿ ಪಕ್ಕದಲ್ಲಿ ‘ಇದಕ್ಕೆ ಮುಂಚೆ ಬೇಕಾದದ್ದು’ ಎಂಬ ಒಂದು ಕಾಲಂ ಇರುವ ಪಟ್ಟಿಯೂ ಇರಲಿ. ಚಾರ್ಟಿನ ಎಲ್ಲ ಅಡ್ಡಪಟ್ಟಿಗಳೂ ಒಂದೇ ಉದ್ದವಿದ್ದು ಮೆಟ್ಟಿಲಿನಂತೆ ಇಳಿಯುತ್ತಿದ್ದರೆ, ಯಾರೂ ಲೆಕ್ಕ ಹಾಕಿಲ್ಲ ಎಂದು ತಿಳಿಯಿರಿ.

ತಿದ್ದಿದ ಮೇಲೆ ಆ ಪ್ಯಾರಾ ಹೇಗಾಯಿತು?

ಮೊದಲ ಮುಂಗಾರಿನ ಭಾಗ ಮಾತ್ರ ಇಲ್ಲಿದೆ:

“ಕೆರೆ ಗೋಡು ಎತ್ತಲು ಎರಡು ಕೆರೆಗಳಿಗೆ ಜನವರಿ 2026ರಲ್ಲಿ ಅರ್ಜಿ ಸಲ್ಲಿಸಲಾಗುವುದು. ಗೋಡಿನ ಪರೀಕ್ಷಾ ವರದಿ ಮೇ 8ರೊಳಗೆ ಬಂದ ನಂತರ, ಮೇ 15ರೊಳಗೆ 1,600 ಕಿಲೊ ಗೋಡನ್ನು ಪ್ರಯೋಗದ ಹೊಲಕ್ಕೆ ತರಲಾಗುವುದು. ಆರ್‌ಎಸಿ ಒಪ್ಪಿದ ಪ್ರಮಾಣದಂತೆ ಜೂನ್ 5ರೊಳಗೆ ತಾಕುವಾರು ತೂಗಿ ಇಡಲಾಗುವುದು. ಮೊದಲ ಕಂತಿನ 40 ಮಣ್ಣಿನ ಮಾದರಿಗಳನ್ನು ಜೂನ್ 20–30ರ ನಡುವೆ ತೆಗೆದ ಬಳಿಕವೇ ಗೋಡು ಹರಡಲಾಗುವುದು (ಕೊನೆಯ ದಿನ ಜುಲೈ 5). ಬಿತ್ತನೆ ಜುಲೈ 20. ಹದವಿಲ್ಲದಿದ್ದರೆ ಅದೇ ದಿನ ಸಸಿಮಡಿ, ಆಗಸ್ಟ್ 14ಕ್ಕೆ ನಾಟಿ. ಇಳುವರಿ ಪಟ್ಟಿ ನವೆಂಬರ್ 30. ಮೂರೂ ಕಂತಿನ ಮಣ್ಣಿನ ಫಲಿತಾಂಶ 15 ಜನವರಿ 2027 (ನಾಟಿಯಾದರೆ ಜನವರಿ 31).”

ಕರಡಿಗಿಂತ ಉದ್ದವಾಗಿದೆ, ನಿಜ. ಪದಮಿತಿ ಇದ್ದರೆ ಸಾಹಿತ್ಯ ಸಮೀಕ್ಷೆಯ ವಾಕ್ಯ ಕತ್ತರಿಸಿ, ‘ಬಳಿಕವೇ’ ಎಂಬ ಪದವನ್ನಲ್ಲ.

ಭಾಷೆ ತಿದ್ದುವವರು ತಾರೀಕನ್ನೂ ಬದಲಿಸಬಹುದೇ?

ಬದಲಿಸಬಾರದು. ಅಂಚಿನಲ್ಲಿ ಪ್ರಶ್ನೆ ಬರೆಯಿರಿ. “ಗೋಡು ಹರಡುವ ಮುಂಚೆ ಮಾದರಿ ತೆಗೆಯುತ್ತೀರಾ, ಆಮೇಲಾ?” ಎಂಬುದು ಒಳ್ಳೆಯ ಪ್ರಶ್ನೆ. ನೀವೇ ಜೂನ್ 20 ಎಂದು ಹಾಕಿದರೆ ಸಂಶೋಧಕರು ಗಮನಿಸದೆ ಒಪ್ಪಿಬಿಡುತ್ತಾರೆ. ನಿಮ್ಮ ಊಹೆ ಅವರ ಯೋಜನೆಯಾಗಿ ಸಮಿತಿಯ ಮುಂದೆ ನಿಲ್ಲುತ್ತದೆ. ಯೋಜನೆಯ ಸಂಖ್ಯೆಗಳು ವಿಧಾನದ ಅಧ್ಯಾಯದ ಸಂಖ್ಯೆಗಳಿಗೆ ಹೊಂದುತ್ತವೆಯೇ ಎಂದು ನೋಡುವುದು ಮಾತ್ರ ಖಂಡಿತ ನಿಮ್ಮ ಕೆಲಸ. ಅಲ್ಲಿ ಐದು ಪುನರಾವರ್ತನೆ, ಇಲ್ಲಿ 16 ತಾಕು ಎಂದಿದ್ದರೆ ಯಾವುದೋ ಒಂದು ಹಳೆಯ ಕರಡಿನದು.

ನಮ್ಮದು ಹೊಲದ ಕೆಲಸವಲ್ಲ, ಶಾಲೆಗಳಲ್ಲಿ ಸಮೀಕ್ಷೆ. ಇದು ಅನ್ವಯಿಸುತ್ತದೆಯೇ?

ಮುಂಗಾರಿನ ಜಾಗದಲ್ಲಿ ಶಾಲೆಯ ಕ್ಯಾಲೆಂಡರ್ ಇಡಿ. ಏಪ್ರಿಲ್, ಮೇ ಬೇಸಿಗೆ ರಜೆ, ಅಕ್ಟೋಬರ್ ಸುಮಾರಿಗೆ ದಸರಾ ರಜೆ, ಮಾರ್ಚ್ ಪರೀಕ್ಷೆ. ಉಳಿದ ತಿಂಗಳೊಳಗೆ ಶಿಕ್ಷಣ ಇಲಾಖೆಯ ಅನುಮತಿ, ನೈತಿಕ ಸಮಿತಿಯ ಒಪ್ಪಿಗೆ, ಪೋಷಕರ ಸಮ್ಮತಿ ಪತ್ರ ಈ ಕ್ರಮದಲ್ಲಿ ಕೂರಬೇಕು. ಪ್ರಾಯೋಗಿಕ ಸಮೀಕ್ಷೆಯ ನಂತರ ಪ್ರಶ್ನಾವಳಿ ಬದಲಾದರೆ ನೈತಿಕ ಸಮಿತಿಗೆ ಮತ್ತೆ ತಿಳಿಸಬೇಕಾಗಬಹುದು. ಅದಕ್ಕೆ ದಿನ ಇಟ್ಟ ಯೋಜನೆ ಅಪರೂಪ.

ಯೋಜನೆ ಈಗಾಗಲೇ ತಪ್ಪಿದೆ. ಹಳೆಯ ತಾರೀಕು ಅಳಿಸಿ ಹೊಸದು ಹಾಕಲೇ?

ಅಳಿಸಬೇಡಿ. ಪಕ್ಕದಲ್ಲಿ ಇನ್ನೆರಡು ಕಾಲಂ ಸೇರಿಸಿ: ಪರಿಷ್ಕೃತ ತಾರೀಕು, ಕಾರಣ. ಕಾರಣದ ಕಾಲಂನಲ್ಲಿ “ಅನಿವಾರ್ಯ ಕಾರಣಗಳಿಂದ” ಎಂದು ಬರೆಯದೆ “ಗೋಡಿನ ಅನುಮತಿ ಮೇ 26ಕ್ಕೆ ಬಂತು, ಕೆರೆಯಲ್ಲಿ ನೀರಿತ್ತು” ಎಂದು ಬರೆಯಿರಿ. ಆಮೇಲೆ ಆ ಒಂದು ಸಾಲಿನಿಂದ ಕೆಳಗಿರುವ ಪ್ರತಿ ತಾರೀಕನ್ನೂ ಮತ್ತೆ ಎಣಿಸಿ. ಒಂದನ್ನು ಸರಿಸಿ ಉಳಿದವನ್ನು ಹಾಗೇ ಬಿಡುವುದೇ ಪ್ರಗತಿ ವರದಿಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು. ಮೇಲಿನ ಸಂದರ್ಭದಲ್ಲಿ 2026ರ ಮುಂಗಾರು ಹೋಯಿತು. ಆದರೆ ಪೂರ್ತಿ ಖಾಲಿ ಹೋಗಬೇಕಿಲ್ಲ. ಬೇರೆ ಮೂಲದಿಂದ ಸಿಕ್ಕ ಒಂದೆರಡು ಚೀಲ ಗೋಡಿನಲ್ಲಿ ಕುಂಡ ಪ್ರಯೋಗ ಮಾಡಬಹುದು, ಲ್ಯಾಬಿನ ವಿಧಾನಗಳನ್ನು ಪಳಗಿಸಿಕೊಳ್ಳಬಹುದು. ಹೊಲದ ಎರಡು ವರ್ಷ 2027 ಮತ್ತು 2028 ಆಗುತ್ತವೆ, ಸಲ್ಲಿಕೆ ನವೆಂಬರ್ 2029. ಗರಿಷ್ಠ ಅವಧಿ ಮುಗಿಯುವುದು ಆಗಸ್ಟ್ 2031ಕ್ಕೆ, ಆದ್ದರಿಂದ ನಿಯಮದ ತೊಡಕಿಲ್ಲ. ಒಂದೇ ಮುಂಗಾರಿಗೆ ಇಳಿಸಿ ಬೇಗ ಮುಗಿಸೋಣ ಎಂದು ಯಾರಾದರೂ ಸೂಚಿಸಿದರೆ, ಉಳಿಕೆ ಪರಿಣಾಮ ನೋಡುವ ಉದ್ದೇಶವನ್ನೇ ಸಿನಾಪ್ಸಿಸ್‌ನಿಂದ ತೆಗೆಯಬೇಕಾಗುತ್ತದೆ. ಅದಕ್ಕೆ ಆರ್‌ಎಸಿ ಒಪ್ಪಿಗೆ ಬೇಕು, ಕಾರ್ಯಯೋಜನೆ ತಿದ್ದಿದರೆ ಆಗುವುದಿಲ್ಲ.